ಒಂದು ಕಂಪನಿಗೆ ನಾಲ್ಕು ಹುಟ್ಟಿದ ದಿನ: ಓದುವುದು ಹೇಗೆ?

ಪುಣೆ ಬಳಿಯ ಚಿಂಚವಾಡ, ಆಕುರ್ಡಿ ಕಡೆಯ ಕನ್ನಡದ ಮನೆಗಳಲ್ಲಿ ಆಗಾಗ ಏಳುವ ಪ್ರಶ್ನೆ ಇದು. "ಅಪ್ಪ ಎಪ್ಪತ್ತರ ದಶಕದಲ್ಲೇ ಬಜಾಜ್ ಆಟೋದಲ್ಲಿ ಕೆಲಸಕ್ಕಿದ್ದರು. ಆದರೆ ಸರ್ಕಾರಿ ದಾಖಲೆಯಲ್ಲಿ ಕಂಪನಿ ಶುರುವಾದದ್ದು 2007ರಲ್ಲಿ ಅಂತಿದೆ. ಇದೇನು ತಪ್ಪಾ?" ತಪ್ಪಲ್ಲ. ಎರಡೂ ನಿಜ. ನೋಂದಣಿ, ಮೊದಲ ವಸ್ತು, ವ್ಯವಹಾರ ಆರಂಭ, ಲಿಸ್ಟಿಂಗ್ ಎಂದು ಒಂದು ಕಂಪನಿಗೆ ನಾಲ್ಕು ದಿನಾಂಕ ಇರಬಹುದು. ಯಾವ ದಿನಾಂಕ ಯಾವುದರದ್ದು ಎಂದು ಬಿಡಿಸಿ ನೋಡಬೇಕು, ಅಷ್ಟೇ.

ಮೊದಲು ಕಂಪನಿಯ ಗುರುತಿನ ಸಂಖ್ಯೆ ನೋಡಿ. ವಾರ್ಷಿಕ ವರದಿಯಲ್ಲಿ, ಲೆಟರ್‌ಹೆಡ್‌ನಲ್ಲಿ CIN ಎಂದು ಬರೆದ 21 ಅಕ್ಷರ-ಅಂಕಿಗಳ ಸಾಲು ಇರುತ್ತದೆ. ಬಜಾಜ್ ಆಟೋದ್ದು ಹೀಗಿದೆ:

```
L65993PN2007PLC130076
```

ಮೊದಲ L ಎಂದರೆ ಷೇರು ಪೇಟೆಯಲ್ಲಿ ಲಿಸ್ಟ್ ಆದ ಕಂಪನಿ. ಲಿಸ್ಟ್ ಆಗದಿದ್ದರೆ ಅಲ್ಲಿ U ಇರುತ್ತದೆ. ನಡುವಿನ 2007 ನೋಂದಣಿಯಾದ ವರ್ಷ. PLC ಎಂದರೆ ಪಬ್ಲಿಕ್ ಲಿಮಿಟೆಡ್. L ಪಕ್ಕದ ಐದು ಅಂಕಿ ಉದ್ಯಮದ ಕೋಡ್. ಇಲ್ಲೊಂದು ಸುಳಿವಿದೆ. ಆಗಿನ ಪಟ್ಟಿಯಲ್ಲಿ 65 ಹಣಕಾಸು ವ್ಯವಹಾರದ ಗುಂಪು. ಸ್ಕೂಟರ್, ಬೈಕ್ ಮಾಡುವ ಕಂಪನಿಗೆ ಹಣಕಾಸಿನ ಕೋಡ್ ಯಾಕೆ? ಈ ಕಂಪನಿ ಹುಟ್ಟಿದಾಗ ಅದರ ಹೆಸರು ಬಜಾಜ್ ಆಟೋ ಆಗಿರಲಿಲ್ಲ, ಅದು ಕಾರ್ಖಾನೆ ನಡೆಸುವ ಕಂಪನಿಯೂ ಆಗಿರಲಿಲ್ಲ.

ಅದಕ್ಕೂ ಮೊದಲು ಬಜಾಜ್ ಆಟೋ ಎಂಬ ಹೆಸರಿದ್ದ ಹಳೆಯ ಕಂಪನಿಯ ಕಥೆ 1945ರದ್ದು. ಆಗ ಅದು ಬಚ್‌ರಾಜ್ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಹೆಸರಲ್ಲಿ ನೋಂದಣಿಯಾಯಿತು. 1948ರಿಂದ ಎರಡು ಮತ್ತು ಮೂರು ಚಕ್ರದ ಗಾಡಿಗಳನ್ನು ಹೊರದೇಶದಿಂದ ತರಿಸಿ ಮಾರಿತು. ತಾನೇ ಗಾಡಿ ಮಾಡಲು ಸರ್ಕಾರದ ಲೈಸೆನ್ಸ್ ಸಿಕ್ಕಿದ್ದು 1959ರಲ್ಲಿ. ಚೇತಕ್ ಬಂದದ್ದು 1972ರಲ್ಲಿ, ಪಲ್ಸರ್ 2001ರಲ್ಲಿ. ನೋಂದಣಿಗೂ ಮೊದಲ ವಸ್ತುವಿಗೂ ನಡುವೆ ಇಷ್ಟು ವರ್ಷ ಬೀಳುವುದು ಸಹಜ. ನೋಂದಣಿಗೆ ಕಾಗದ ಪತ್ರ ಸಾಕು. ವಸ್ತುವಿಗೆ ಲೈಸೆನ್ಸ್, ಯಂತ್ರ, ಜನ ಎಲ್ಲವೂ ಬೇಕು. ಅಷ್ಟೇ ಅಲ್ಲ, "ಮೊದಲ ವಸ್ತು" ಎಂಬ ದಿನವನ್ನು ಯಾವ ಕಾಯಿದೆಯೂ ನಿಗದಿ ಮಾಡುವುದಿಲ್ಲ. ತರಿಸಿ ಮಾರಿದ್ದನ್ನು ಲೆಕ್ಕಕ್ಕೆ ಹಿಡಿದರೆ ಒಂದು ವರ್ಷ, ತಾನೇ ಮಾಡಿದ್ದನ್ನು ಹಿಡಿದರೆ ಇನ್ನೊಂದು. ಹಾಗಾಗಿ ಆ ದಿನಾಂಕ ಕಂಡಾಗಲೆಲ್ಲ ಯಾವುದನ್ನು ಲೆಕ್ಕ ಹಿಡಿದಿದ್ದಾರೆ ಎಂದು ಕೇಳಿಕೊಳ್ಳಿ.

2007ರಲ್ಲಿ ಹಳೆಯ ಬಜಾಜ್ ಆಟೋವನ್ನು ಬೇರೆ ಬೇರೆ ಕಂಪನಿಗಳಾಗಿ ಒಡೆಯುವ ಯೋಜನೆ ಬಂತು. ಏಪ್ರಿಲ್ 30ರಂದು ಒಂದು ಹೊಸ ಕಂಪನಿ ನೋಂದಣಿಯಾಯಿತು. ಗಾಡಿ ಮಾಡುವ ವ್ಯವಹಾರವನ್ನು ಅದಕ್ಕೆ ಕೊಟ್ಟು, ಬಜಾಜ್ ಆಟೋ ಎಂಬ ಹೆಸರನ್ನೂ ಅದಕ್ಕೇ ಕೊಟ್ಟರು. 1945ರ ಹಳೆಯ ಕಂಪನಿ ಬಜಾಜ್ ಹೋಲ್ಡಿಂಗ್ಸ್ ಅಂಡ್ ಇನ್ವೆಸ್ಟ್‌ಮೆಂಟ್ ಎಂದು ಹೆಸರು ಬದಲಿಸಿಕೊಂಡಿತು. ಅದರ CIN ನಡುವೆ ಈಗಲೂ 1945 ಇದೆ. ಅಪ್ಪ ಸೇರಿದ್ದು ಆ ಕಂಪನಿಗೆ.

ಇನ್ನು ವ್ಯವಹಾರ ಆರಂಭದ ದಿನ. 1956ರ ಕಂಪನಿ ಕಾಯಿದೆಯಲ್ಲಿ ಷೇರು ಬಂಡವಾಳವಿರುವ ಪಬ್ಲಿಕ್ ಕಂಪನಿ ನೋಂದಣಿಯಾದರೆ ಸಾಲದು, ವ್ಯವಹಾರ ಆರಂಭಿಸಲು ರಿಜಿಸ್ಟ್ರಾರ್‌ರಿಂದ ಬೇರೆ ಪ್ರಮಾಣಪತ್ರ ಬೇಕಿತ್ತು. ಪ್ರೈವೇಟ್ ಕಂಪನಿಗೆ ಬೇಕಿರಲಿಲ್ಲ. 2013ರ ಕಾಯಿದೆಯಲ್ಲಿದ್ದ ಇಂಥ ನಿಯಮವನ್ನು 2015ರಲ್ಲಿ ತೆಗೆದರು. 2018ರ ನವೆಂಬರ್ 2ರಿಂದ ಬೇರೆ ರೂಪದಲ್ಲಿ ವಾಪಸ್ ತಂದರು. ಅಂದಿನಿಂದ ನೋಂದಣಿಯಾದ, ಷೇರು ಬಂಡವಾಳವಿರುವ ಕಂಪನಿಯ ನಿರ್ದೇಶಕರು 180 ದಿನದೊಳಗೆ INC-20A ಎಂಬ ನಮೂನೆ ಸಲ್ಲಿಸಿ, ಮೊದಲ ಷೇರುದಾರರು ಒಪ್ಪಿದ ಹಣ ಕಟ್ಟಿದ್ದಾರೆ ಎಂದು ಘೋಷಿಸಬೇಕು. ಹಾಗಾಗಿ 2016ರಲ್ಲಿ ನೋಂದಣಿಯಾದ ಕಂಪನಿಗೆ ಈ ದಿನಾಂಕ ಸಿಗದಿದ್ದರೆ ದಾಖಲೆ ಕಳೆದಿದೆ ಎಂದುಕೊಳ್ಳಬೇಡಿ. 2020ರದ್ದಕ್ಕೆ ಸಿಗದಿದ್ದರೆ ಮಾತ್ರ ವಿಚಾರಿಸಿ. ಗಡುವು ಮೀರಿದರೆ ಕಂಪನಿಗೆ 50,000 ರೂಪಾಯಿ ದಂಡವಿದೆ.

ಲಿಸ್ಟಿಂಗ್ ದಿನಾಂಕ ಷೇರು ಪೇಟೆಯ ಜಾಲತಾಣದಲ್ಲಿ ಸಿಗುತ್ತದೆ. ಈಗಿನ ಬಜಾಜ್ ಆಟೋದ್ದು 2008ರ ಮೇ 26. ಇದಕ್ಕಾಗಿ ಜನರಿಗೆ ಹೊಸದಾಗಿ ಷೇರು ಮಾರಲಿಲ್ಲ. ಹಳೆಯ ಕಂಪನಿಯ ಒಂದು ಷೇರು ಇದ್ದವರಿಗೆ ಅದರ ಜೊತೆಗೆ ಹೊಸ ಬಜಾಜ್ ಆಟೋದ ಒಂದು, ಅದೇ ಯೋಜನೆಯಲ್ಲಿ ಬೇರೆಯಾದ ಹಣಕಾಸು ಕಂಪನಿ ಬಜಾಜ್ ಫಿನ್‌ಸರ್ವ್‌ನ ಒಂದು ಷೇರು ಬಂತು.

ಹಳೆಯ ಷೇರು ಮನೆಯಲ್ಲಿದ್ದರೆ ಈ ವ್ಯತ್ಯಾಸಕ್ಕೆ ದುಡ್ಡಿನ ಬೆಲೆಯಿದೆ. ಆದಾಯ ತೆರಿಗೆಗೆ ಷೇರು ಎಷ್ಟು ಕಾಲ ಕೈಯಲ್ಲಿತ್ತು ಎಂದು ಎಣಿಸುವಾಗ ಲಿಸ್ಟ್ ಆದ 2008ರಿಂದ ಶುರು ಮಾಡುವುದಿಲ್ಲ. ಹೀಗೆ ಕಂಪನಿ ಬೇರೆಯಾದಾಗ ಬಂದ ಷೇರಿಗೆ, ಹಳೆಯ ಷೇರು ಕೈಯಲ್ಲಿದ್ದ ಕಾಲವೂ ಸೇರುತ್ತದೆ. ಹಳೆಯ ಷೇರು ಕೊಂಡ ಬೆಲೆಯನ್ನು ಮಾತ್ರ ಹೊಸ, ಹಳೆಯ ಷೇರುಗಳಿಗೆ ಹಂಚಬೇಕು. ಯಾವ ಪ್ರಮಾಣದಲ್ಲಿ ಎಂಬುದಕ್ಕೆ ಕಂಪನಿಯ ಷೇರುದಾರರ ವಿಭಾಗಕ್ಕೆ ಬರೆದು ಕೇಳಿ.