ಮುಖಪರಿಚಯವಿಲ್ಲದವರಲ್ಲಿ ರೆಫರಲ್ ಕೇಳಿದ್ದು

ಇಂಟರ್ನ್‌ಶಿಪ್‌ಗೆ ರೆಫರಲ್, ಅಂದರೆ ಕಂಪನಿಯ ಉದ್ಯೋಗಿಯೊಬ್ಬರ ಶಿಫಾರಸು, ಕೇಳಿ ನಾನು ಬರೆದ ಮೊದಲ ಸಂದೇಶ ಮೊಬೈಲ್ ಪರದೆಯಲ್ಲಿ ಮೂರು ಬಾರಿ ಸರಿಸಿದರೂ ಮುಗಿಯುತ್ತಿರಲಿಲ್ಲ. ನನ್ನ ಅಂಕಗಳು, ಆಸಕ್ತಿಗಳು, ಆ ಕಂಪನಿಯ ಮೇಲಿನ ಅಭಿಮಾನ ಎಲ್ಲವೂ ಅದರಲ್ಲಿತ್ತು. ಯಾವ ಹುದ್ದೆ ಎಂಬುದು ಮಾತ್ರ ಇರಲಿಲ್ಲ. ‘ಯಾವುದಾದರೂ ಅವಕಾಶವಿದ್ದರೆ ದಯವಿಟ್ಟು ತಿಳಿಸಿ’ ಎಂದು ಮುಗಿಸಿದ್ದೆ. ಹನ್ನೊಂದು ಜನರಿಗೆ ಅದನ್ನೇ ಕಳಿಸಿದೆ. ಒಬ್ಬರಿಗೆ ಹೋದ ಪ್ರತಿಯಲ್ಲಿ ಹಿಂದಿನವರ ಹೆಸರೇ ಉಳಿದುಬಿಟ್ಟಿತ್ತು. ಉತ್ತರ ಬಂದದ್ದು ಅವರಿಂದ ಮಾತ್ರ, ಅದೂ ‘ಇದು ನನಗಲ್ಲ ಎನಿಸುತ್ತದೆ’ ಎಂದು.

ಆಗಲೇ ಕೆಲಸಕ್ಕೆ ಸೇರಿದ್ದ ನಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬರು ರೆಫರ್ ಮಾಡುವವರ ಪರದೆಯಲ್ಲಿ ಏನಿರುತ್ತದೆ ಎಂದು ವಿವರಿಸಿದರು. ಅವರ ಕಂಪನಿಯಲ್ಲಿ ಉದ್ಯೋಗಿ ಒಳಗಿನ ಪೋರ್ಟಲ್ ತೆರೆದು ಹುದ್ದೆಯ ಜಾಬ್ ಐಡಿ ಹುಡುಕಬೇಕು, ಅಭ್ಯರ್ಥಿಯ ಹೆಸರು, ಇಮೇಲ್ ತುಂಬಿಸಿ ರೆಸ್ಯೂಮೆ ಸೇರಿಸಬೇಕು. ಕೊನೆಗೆ ಎರಡು ಪ್ರಶ್ನೆಗಳು: ಇವರು ನಿಮಗೆ ಹೇಗೆ ಗೊತ್ತು? ಈ ಕೆಲಸಕ್ಕೆ ಏಕೆ ಸರಿ? ‘ನಿನ್ನ ಸಂದೇಶ ಓದಿದವರಿಗೆ ಆ ಎರಡನೆಯ ಖಾನೆಯಲ್ಲಿ ಬರೆಯಲು ಒಂದು ಸಾಲೂ ಸಿಗುವುದಿಲ್ಲ’ ಎಂದರು. ನನ್ನ ಯೋಚನೆ ಬದಲಾದದ್ದು ಅಲ್ಲಿಂದಲೇ. ಆ ಫಾರ್ಮಿಗೆ ಬೇಕಾದುದನ್ನಷ್ಟೇ ಕೊಟ್ಟರೆ ಸಂದೇಶ ತಾನಾಗಿ ಚಿಕ್ಕದಾಗುತ್ತದೆ.

ಮುಂದಿನ ಸಲ ಮೊದಲು ಹುದ್ದೆಯನ್ನು ಆರಿಸಿ, ಆಮೇಲೆ ವ್ಯಕ್ತಿಯನ್ನು ಹುಡುಕಿದೆ. ದೊಡ್ಡ ಪದವಿಯವರನ್ನು ಬಿಟ್ಟು, ಅದೇ ಬಗೆಯ ಕೆಲಸದಲ್ಲಿ ಒಂದೆರಡು ವರ್ಷದಿಂದ ಇರುವ ಒಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಕಂಡುಕೊಂಡೆ. ಸಂಪರ್ಕ ಕೋರಿಕೆಯ ಟಿಪ್ಪಣಿಯಲ್ಲಿ ಹೆಚ್ಚು ಅಕ್ಷರ ಹಿಡಿಯುವುದಿಲ್ಲ. ಹಾಗಾಗಿ ಅಲ್ಲಿ ನಾನು ಯಾರು, ಯಾವ ಹುದ್ದೆಯ ಬಗ್ಗೆ ಕೇಳಬೇಕಿದೆ ಎಂದಷ್ಟೇ ಬರೆದೆ. ಅವರು ಒಪ್ಪಿಕೊಂಡ ಮೇಲೆ ಕಳಿಸಿದ್ದು ಇದು:

‘ನಮಸ್ಕಾರ ಮೇಡಂ. ಕೋರಿಕೆ ಒಪ್ಪಿಕೊಂಡದ್ದಕ್ಕೆ ಧನ್ಯವಾದ. ನಾನು ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದ ವಿದ್ಯಾರ್ಥಿನಿ. ನಿಮ್ಮ ಕಂಪನಿಯ ಡೇಟಾ ಇಂಟರ್ನ್ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ, ಇನ್ನೂ ಹಾಕಿಲ್ಲ. ಜಾಬ್ ಐಡಿ ಮತ್ತು ಲಿಂಕ್ ಕೆಳಗಿವೆ. ಅಲ್ಲಿ ಕೇಳಿರುವ ಎಸ್‌ಕ್ಯೂಎಲ್ ಬಳಸಿ, ಕಾಲೇಜು ಗ್ರಂಥಾಲಯದ ಎರಡು ವರ್ಷದ ದಾಖಲೆಗಳಿಂದ ಯಾವ ಪುಸ್ತಕಗಳು ತಡವಾಗಿ ಹಿಂತಿರುಗುತ್ತವೆ ಎಂಬ ವರದಿ ಮಾಡಿದ್ದೇನೆ. ರೆಸ್ಯೂಮೆ ಲಗತ್ತಿಸಿದ್ದೇನೆ. ನೋಡಿ ಸರಿ ಎನಿಸಿದರೆ ರೆಫರ್ ಮಾಡಲು ಸಾಧ್ಯವೇ? ಅರ್ಜಿಗೆ 18ನೇ ತಾರೀಖು ಕೊನೆಯ ದಿನ. ಆಗದಿದ್ದರೆ ಖಂಡಿತ ಬೇಸರವಿಲ್ಲ.’

ಗ್ರಂಥಾಲಯದ ಆ ಒಂದು ವಾಕ್ಯಕ್ಕೆ ನಾನು ಒಂದು ಸಂಜೆ ತೆಗೆದುಕೊಂಡೆ. ಮೊದಲು ‘ಡೇಟಾ ವಿಶ್ಲೇಷಣೆಯಲ್ಲಿ ಅಪಾರ ಆಸಕ್ತಿಯಿದೆ’ ಎಂದಿತ್ತು. ಆಸಕ್ತಿಗೆ ಅಪರಿಚಿತರು ಸಾಕ್ಷಿ ಹೇಳಲಾರರು. ಮಾಡಿದ ಕೆಲಸವನ್ನಾದರೆ ರೆಸ್ಯೂಮೆಯಲ್ಲಿ ನೋಡಿ ಆ ಖಾನೆಯಲ್ಲಿ ಬರೆಯಬಹುದು. ‘ಸರಿ ಎನಿಸಿದರೆ’ ಎಂಬುದೂ ಬರಿಯ ವಿನಯವಲ್ಲ. ರೆಫರ್ ಮಾಡಿದವರ ಹೆಸರು ನನ್ನ ಅರ್ಜಿಯ ಜೊತೆ ಹೋಗುತ್ತದೆ, ಬೇಡ ಎನ್ನಲು ಅವರಿಗೆ ದಾರಿ ಇರಬೇಕು. ‘ನಿಮ್ಮನ್ನೇ ನಂಬಿದ್ದೇನೆ’ ಎಂಬಂಥ ಸಾಲುಗಳು ಆ ದಾರಿಯನ್ನು ಮುಚ್ಚುತ್ತವೆ. ಅಂಥದ್ದನ್ನು ಓದಿದವರು ಉತ್ತರಿಸುವ ಬದಲು ಸುಮ್ಮನಾಗುವುದೇ ಹೆಚ್ಚು ಎಂದು ನನಗನಿಸುತ್ತದೆ.

‘ಇನ್ನೂ ಹಾಕಿಲ್ಲ’ ಎಂಬ ಮಾತು ಪೆಟ್ಟು ತಿಂದು ಕಲಿತದ್ದು. ಅದಕ್ಕೂ ಮೊದಲು ಬೇರೊಂದು ಕಂಪನಿಯ ಉದ್ಯೋಗಿಯೊಬ್ಬರು ಒಪ್ಪಿಕೊಂಡಿದ್ದರೂ, ನಾನು ಆತುರದಲ್ಲಿ ಹಿಂದಿನ ದಿನವೇ ಅರ್ಜಿ ಹಾಕಿದ್ದರಿಂದ ಅವರ ಪೋರ್ಟಲ್ ನನ್ನ ಇಮೇಲನ್ನು ಸ್ವೀಕರಿಸಲಿಲ್ಲ. ಎಲ್ಲ ಕಡೆ ಹೀಗಿಲ್ಲ. ಕೆಲವೆಡೆ ಅರ್ಜಿಯ ನಂತರವೂ ರೆಫರ್ ಮಾಡಬಹುದು. ಅವರಲ್ಲೇ ಕೇಳಿ ಮುಂದುವರಿಯುವುದು ಕ್ಷೇಮ. ಕೊನೆಯ ದಿನ ಹತ್ತಿರವಾದರೆ ಮಾತ್ರ ನಾನು ಕಾಯದೆ ಅರ್ಜಿ ಹಾಕಿಬಿಡುತ್ತೇನೆ.

ರೆಸ್ಯೂಮೆಯನ್ನು ಪಿಡಿಎಫ್ ಆಗಿಯೇ ಕಳಿಸುವುದಕ್ಕೂ ಕಾರಣವಿದೆ. ಹಳೆಯ ಸಂದೇಶಗಳಲ್ಲಿ ಗೂಗಲ್ ಡ್ರೈವ್ ಲಿಂಕ್ ಕೊಟ್ಟಿದ್ದೆ. ನನ್ನ ಖಾತೆಯಲ್ಲಿ ಅದು ಚೆನ್ನಾಗಿಯೇ ತೆರೆಯುತ್ತಿತ್ತು. ಒಂದು ದಿನ ಗೆಳತಿಯ ಮೊಬೈಲಿನಲ್ಲಿ ತೆರೆದರೆ ‘ಅನುಮತಿ ಕೇಳಿ’ ಎಂಬ ಪುಟ ಬಂತು. ಹನ್ನೊಂದು ಜನರಿಗೂ ನಾನು ಕಳಿಸಿದ್ದು ಬೀಗ ಹಾಕಿದ ಬಾಗಿಲು.

ಆರು ದಿನ ಮೇಡಂ ಕಡೆಯಿಂದ ಸುದ್ದಿಯಿಲ್ಲ. ಏಳನೆಯ ದಿನ, ಅದೇ ಸಂದೇಶದ ಕೆಳಗೆ, ‘18ಕ್ಕೆ ಇನ್ನು ನಾಲ್ಕು ದಿನವಿದೆ, ಬಿಡುವಾದರೆ ಒಮ್ಮೆ ನೋಡಿ’ ಎಂದು ಒಂದೇ ಸಾಲು ಬರೆದೆ. ಮೂರನೆಯ ಬಾರಿ ಕೇಳುವ ಯೋಚನೆ ನನಗಿರಲಿಲ್ಲ. ಅಂದು ರಾತ್ರಿಯೇ ಉತ್ತರ ಬಂತು: ‘ಗ್ರಂಥಾಲಯದ ವರದಿಯಲ್ಲಿ ಕಳೆದುಹೋದ ಪುಸ್ತಕಗಳನ್ನು ಏನು ಮಾಡಿದಿರಿ?’ ಅವನ್ನು ಬೇರೆಯಾಗಿ ಎಣಿಸಿದ್ದನ್ನು ಎರಡು ಸಾಲಿನಲ್ಲಿ ತಿಳಿಸಿದೆ. ಮರುದಿನ ಬೆಳಿಗ್ಗೆ ಕಂಪನಿಯಿಂದ ಅರ್ಜಿ ಪೂರ್ಣಗೊಳಿಸುವ ಲಿಂಕ್ ನನ್ನ ಇಮೇಲಿಗೆ ಬಂದಿತ್ತು.