ವೇಗದ ಬೌಲರ್ ಹುಡುಗನ ಸೊಂಟನೋವು: ಮೂಳೆ ಸೀಳಿದೆಯೇ, ಜಾರಿದೆಯೇ?

15 ವರ್ಷದ ಹುಡುಗ, ಬಲಗೈ ವೇಗದ ಬೌಲರ್ ಎಂದುಕೊಳ್ಳಿ. ಒಂದು ತಿಂಗಳಿಂದ ಸೊಂಟದ ಎಡಬದಿ ನೋವು. ಚೆಂಡು ಎಸೆದಾಗ ಜಾಸ್ತಿ, ಮಲಗಿದರೆ ಕಡಿಮೆ. ಮನೆಯವರು ಸ್ನಾಯು ಎಳೆದಿದೆ ಅಂದುಕೊಂಡು ಮುಲಾಮು ಹಚ್ಚುತ್ತಾರೆ.

ಮೊದಲು ನೋವಿನ ಬದಿ ನೋಡಿ. ಬೆನ್ನುಮೂಳೆಯ ಪ್ರತಿ ಮಣಿಯ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಮೇಲಿನ ಮತ್ತು ಕೆಳಗಿನ ಕೀಲುಗಳನ್ನು ಸೇರಿಸುವ ಸಣ್ಣ ಸೇತುವೆಯಿದೆ. ಇದೇ ಪಾರ್ಸ್. ಬೌಲಿಂಗ್‌ನಲ್ಲಿ ಸೊಂಟ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗುತ್ತದೆ. ಹಾಗಾಗಿ ಹೆಚ್ಚಾಗಿ ಸೀಳುವುದು ಎಸೆಯುವ ಕೈಯ ಎದುರು ಬದಿಯ ಪಾರ್ಸ್. ಈ ಸೀಳೇ ಸ್ಪಾಂಡಿಲೊಲೈಸಿಸ್. ಎರಡೂ ಬದಿ ಸೀಳಿದರೆ ಮಣಿ ಮುಂದಕ್ಕೆ ಜಾರಬಹುದು. ಅದು ಸ್ಪಾಂಡಿಲೊಲಿಸ್ತೆಸಿಸ್.

ಹಿಂದಕ್ಕೆ ಬಾಗಿದಾಗ ನೋವು ಬಂದರೆ ಬೌಲಿಂಗ್ ನಿಲ್ಲಿಸಿ, ವೈದ್ಯರ ಬಳಿ ಹೋಗಿ. ಕಾಲು ಸೋಲುವುದು, ಮರಗಟ್ಟುವುದು, ಮೂತ್ರದ ತೊಂದರೆ ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನದು ಚಿತ್ರ ಪರೀಕ್ಷೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಎಕ್ಸ್‌ರೇ ಸರಿಯಾಗಿದೆ ಎಂದರೆ ಮೂಳೆ ಸರಿಯಾಗಿದೆ ಎಂದಲ್ಲ. ಸೀಳು ಗೆರೆ ಮೂಡುವ ಮೊದಲೇ ಮೂಳೆಯೊಳಗೆ ಊತ ಬರುತ್ತದೆ. ಅದು ಎಂಆರ್‌ಐಯಲ್ಲಿ ಕಾಣುತ್ತದೆ. ಗೆರೆ ಎಷ್ಟು ಆಳವಿದೆ, ಕೂಡಿಕೊಂಡಿದೆಯೇ ಎನ್ನುವುದು ಸಿಟಿ ಸ್ಕ್ಯಾನ್‌ನಲ್ಲಿ ಸ್ಪಷ್ಟ. ಆದರೆ ವಿಕಿರಣದಿಂದಾಗಿ ಮಕ್ಕಳಿಗೆ ಅದನ್ನು ಸುಮ್ನೆ ಮಾಡಿಸಬೇಡಿ. ಜಾರಿದೆಯೇ ಎಂದು ನೋಡಲು ನಿಂತುಕೊಂಡು ತೆಗೆದ ಪಕ್ಕದ ಎಕ್ಸ್‌ರೇ ಬೇಕು.

ಜಾರುವಿಕೆಯ ಲೆಕ್ಕ ಸುಲಭ. ಕೆಳಗಿನ ಮೂಳೆಯ ಮೇಲ್ಭಾಗ ಮುಂದಿನಿಂದ ಹಿಂದಕ್ಕೆ 36 ಮಿ.ಮೀ. ಇದ್ದು, ಮೇಲಿನ ಮಣಿ 6 ಮಿ.ಮೀ. ಮುಂದೆ ಬಂದಿದ್ದರೆ, ಅದು ಸುಮಾರು ಶೇ 17. ಶೇ 25ರವರೆಗೆ ಒಂದನೇ ಹಂತ, 50ರವರೆಗೆ ಎರಡು, 75ರವರೆಗೆ ಮೂರು, 100ರವರೆಗೆ ನಾಲ್ಕು. ಪೂರ್ತಿ ಜಾರಿಬಿದ್ದರೆ ಐದು.

ನಮ್ಮ ಹುಡುಗನಿಗೆ ಎಡಬದಿಯಲ್ಲಷ್ಟೇ ಊತ, ಜಾರುವಿಕೆ ಇಲ್ಲ. ಇದು ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಮಾಡಬೇಕಾದ್ದು ವಿಶ್ರಾಂತಿ, ಸಾಮಾನ್ಯವಾಗಿ ಮೂರು ತಿಂಗಳು ಅಥವಾ ಹೆಚ್ಚು. ಸೊಂಟಪಟ್ಟಿ ಎಲ್ಲರಿಗೂ ಬೇಕಿಲ್ಲ. ಅಪಾಯ ಇರುವುದು ಕೆಲವು ವಾರಗಳಲ್ಲಿ ನೋವು ಹೋದಾಗ. ಮೂಳೆ ಇನ್ನೂ ಹಸಿ, ಹುಡುಗ ಮಾತ್ರ ಮೈದಾನಕ್ಕೆ ಓಡುತ್ತಾನೆ. ಅವನನ್ನು ತಡೆಯಿರಿ. ಹೊಟ್ಟೆ, ಬೆನ್ನು, ಪೃಷ್ಠದ ಸ್ನಾಯುಗಳಿಗೆ ಫಿಸಿಯೋ ಹೇಳಿದ ವ್ಯಾಯಾಮ ಆಗಲಿ. ಆಮೇಲೆ ಓಟ, ನಂತರ ದಿನ ಬಿಟ್ಟು ದಿನ, ಅರ್ಧ ವೇಗದಲ್ಲಿ ಕೆಲವೇ ಚೆಂಡು. ಆಸ್ಟ್ರೇಲಿಯಾದ ವೇಗದ ಬೌಲರ್ ಡೆನಿಸ್ ಲಿಲ್ಲಿ 1973ರಲ್ಲಿ ಬೆನ್ನಿನ ಇಂಥದ್ದೇ ಸೀಳಿನಿಂದ ಆಟ ಬಿಟ್ಟು, ಪ್ಲಾಸ್ಟರ್ ಹಾಕಿಸಿಕೊಂಡು, 1974ರ ಕೊನೆಯಲ್ಲಿ ಟೆಸ್ಟ್‌ಗೆ ಮರಳಿದರು.

ಎರಡೂ ಬದಿಯ ಹಳೆಯ ಸೀಳು ಕೂಡದೇ ಉಳಿಯಬಹುದು. ಆದರೂ ನೋವಿಲ್ಲದೆ ಆಡುವವರಿದ್ದಾರೆ. ಒಂದು, ಎರಡನೇ ಹಂತದ ಜಾರುವಿಕೆಗೂ ಮೊದಲು ವ್ಯಾಯಾಮವೇ. ಆದರೆ ಬೆಳೆಯುವ ಮಕ್ಕಳಿಗೆ ಆಗಾಗ ಎಕ್ಸ್‌ರೇ ಬೇಕು, ಜಾರುವಿಕೆ ಹೆಚ್ಚಬಹುದು.

ಆರು ತಿಂಗಳ ಸರಿಯಾದ ಚಿಕಿತ್ಸೆಯಲ್ಲೂ ನೋವು ಹೋಗದಿದ್ದರೆ, ಜಾರುವಿಕೆ ಶೇ 50 ದಾಟಿದರೆ, ಹೆಚ್ಚುತ್ತಲೇ ಇದ್ದರೆ, ನರ ಒತ್ತಿದರೆ ಶಸ್ತ್ರಚಿಕಿತ್ಸೆಯ ಮಾತು. ಜಾರದ ಸೀಳನ್ನು ಸ್ಕ್ರೂ ಹಾಕಿ ಕೂಡಿಸಬಹುದು, ಆ ಮಣಿಯ ಚಲನೆ ಉಳಿಯುತ್ತದೆ. ಜಾಸ್ತಿ ಜಾರಿದ್ದರೆ ಎರಡು ಮಣಿಗಳನ್ನೇ ಬೆಸೆಯಬೇಕು, ಆ ಜಾಗ ಮತ್ತೆ ಬಾಗುವುದಿಲ್ಲ.