ಮಡಚುವ ಚಾಕುವಿನ ಲಾಕ್ ಎಷ್ಟು ಗಟ್ಟಿ? ಮನೆಯಲ್ಲೇ ನೋಡಿಕೊಳ್ಳುವುದು ಹೀಗೆ

ಹೋದ ಬೇಸಿಗೆಯಲ್ಲಿ ನನ್ನ ಭಾವ ಮಡಚುವ ಚಾಕುವಿನಲ್ಲಿ ಹಲಸಿನ ಹಣ್ಣು ಕೊಯ್ಯಲು ಹೊರಟರು. ತುದಿ ದಿಂಡಿನಲ್ಲಿ ಸಿಕ್ಕಿಕೊಂಡಿತು. ಹಿಡಿಯನ್ನು ಅಲ್ಲಾಡಿಸಿ ಎಳೆದರು. ಚಾಕು ಪಟ್ಟನೆ ಮಡಚಿಕೊಂಡು ತೋರುಬೆರಳಿಗೆ ಮೂರು ಹೊಲಿಗೆ ಬಿತ್ತು. "ಲಾಕ್ ಇತ್ತಲ್ಲ ಮಾರಾಯ!" ಎಂದು ಆಮೇಲೂ ಹೇಳುತ್ತಿದ್ದರು. ಲಾಕ್ ಏನೋ ಇತ್ತು, ಕೂತಿರಲಿಲ್ಲ ಅಷ್ಟೆ.

ಮೊದಲು ಒಂದು ವಿಷಯ ತಿಳಿದಿರಲಿ. ಅಲಗನ್ನು ಕೆಳಗೊತ್ತಿ ಕೊಯ್ಯುವಾಗ ಲಾಕ್‌ಗೆ ಹೆಚ್ಚು ಕೆಲಸವೇ ಇಲ್ಲ. ಆ ಒತ್ತಡ ಚಾಕುವನ್ನು ಇನ್ನಷ್ಟು ತೆರೆಯುವ ಕಡೆಗೇ ಹೋಗುತ್ತದೆ. ಅಲಗಿನ ಬೆನ್ನಿನ ಮೇಲೆ ಒತ್ತು ಬಿದ್ದಾಗ ಮಾತ್ರ ಲಾಕ್‌ಗೆ ಪರೀಕ್ಷೆ. ತುದಿಯಿಂದ ಚುಚ್ಚಿದಾಗ, ಸಿಕ್ಕಿದ ಅಲಗನ್ನು ಅಲ್ಲಾಡಿಸಿ ಎಳೆದಾಗ ಆಗುವುದು ಇದೇ.

ಹಂತ 1: ನಿಮ್ಮದು ಯಾವ ಲಾಕ್ ನೋಡಿ. ಚಾಕು ತೆರೆದು ಹಿಡಿಯ ಸೀಳಿನೊಳಗೆ ಇಣುಕಿ. ಒಂದು ಪಕ್ಕದ ತೆಳು ಲೋಹದ ಪಟ್ಟಿ ಒಳಕ್ಕೆ ಬಾಗಿ ಅಲಗಿನ ಬುಡಕ್ಕೆ ಒತ್ತು ಕೊಟ್ಟು ನಿಂತಿದ್ದರೆ ಅದು ಲೈನರ್ ಲಾಕ್. ಅಮೆರಿಕದ ಮೈಕೆಲ್ ವಾಕರ್ 1980ರ ದಶಕದಲ್ಲಿ ಇದಕ್ಕೆ ಇಂದಿನ ರೂಪ ಕೊಟ್ಟರು. ಹಿಡಿಯ ಬೆನ್ನಿನ ಮೇಲೆ ಒತ್ತುವ ಜಾಗವಿದ್ದರೆ ಅದು ಬ್ಯಾಕ್ ಲಾಕ್. ಅದರಲ್ಲಿ ಒಂದು ಉಕ್ಕಿನ ಸರಳು ಏತದ ಹಾಗೆ ನಡುವೆ ತಿರುಗುತ್ತದೆ. ಅದರ ಕೊಕ್ಕೆ ಅಲಗಿನ ಬುಡದ ಕಚ್ಚಿನೊಳಗೆ ಇಳಿದು ಕೂರುತ್ತದೆ. 1964ರಲ್ಲಿ ಬಂದ ಬಕ್ 110 ಚಾಕು ಇದನ್ನು ಜನಪ್ರಿಯ ಮಾಡಿತು. ಎರಡೂ ಇಲ್ಲದೆ ಬರೀ ಸ್ಪ್ರಿಂಗ್ ಬಿಗಿಯಲ್ಲಿ ನಿಲ್ಲುವ ಚಾಕುವಿಗೆ ಲಾಕ್ ಇಲ್ಲವೆಂದೇ ತಿಳಿಯಿರಿ.

ಹಂತ 2: ಕೂತಿದೆಯಾ ನೋಡಿ. ಲೈನರ್ ಪಟ್ಟಿ ಅಲಗಿನ ಬುಡದ ದಪ್ಪದಲ್ಲಿ ಕಾಲು ಭಾಗದಷ್ಟಾದರೂ ಒಳಗೆ ಸರಿದಿರಬೇಕು. ಅಂಚಿಗೆ ಮಾತ್ರ ತಾಗಿದ್ದರೆ ಬೇಡ. ಆಚೆ ಪಕ್ಕದವರೆಗೂ ಹೋಗಿದ್ದರೆ ಸವೆದಿದೆ ಎಂದರ್ಥ. ಬ್ಯಾಕ್ ಲಾಕ್‌ನಲ್ಲಿ ಸರಳು ಹಿಡಿಯ ಬೆನ್ನಿಗೆ ಸಮವಾಗಿ ಕೂರಬೇಕು. ಕೂದಲೆಳೆಯಷ್ಟು ಎದ್ದಿದ್ದರೂ ಕಚ್ಚಿನಲ್ಲಿ ಏನೋ ಇದೆ. ಭಾವನ ಚಾಕುವಿನಲ್ಲಿ ಇದ್ದದ್ದು ಒಣಗಿದ ಹಲಸಿನ ಮೇಣ! ಜೇಬಿನ ನೂಲು, ಧೂಳು ಸೇರಿದರೂ ಹೀಗೇ ಆಗುತ್ತದೆ.

ಹಂತ 3: ಒತ್ತಿ ನೋಡುವುದು. ಜನ ಎಡವಟ್ಟು ಮಾಡಿಕೊಳ್ಳುವುದು ಇಲ್ಲೇ. ಚಾಕುವಿನ ಬೆನ್ನನ್ನು ಮೇಜಿಗೆ ಟಪಟಪ ಬಡಿಯುವ ವಿಡಿಯೊ ನೋಡಿ ಹಾಗೆ ಮಾಡಬೇಡಿ. ಬಡಿದರೆ ಒಳ್ಳೆಯ ಲಾಕ್ ಕೂಡ ಹಾಳಾಗುತ್ತದೆ. ಮೇಜಿನ ಅಂಚಿಗೆ ದಪ್ಪ ಬಟ್ಟೆ ಮಡಚಿ ಹಾಕಿ. ಅಲಗಿನ ಬೆನ್ನು ಕೆಳಗೆ, ಹರಿತ ಮೇಲೆ ಬರುವಂತೆ ಅದರ ಮೇಲಿಡಿ. ಹಿಡಿಯನ್ನು ಮುಷ್ಟಿ ಮಾಡಿ ಹಿಡಿಯಬೇಡಿ. ಎರಡೂ ಪಕ್ಕದಿಂದ, ಬಿಸಿ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದಂತೆ, ಬೆರಳ ತುದಿಯಲ್ಲಿ ಹಿಡಿಯಿರಿ. ಅಲಗು ಬಂದು ಕೂರುವ ಸೀಳಿನ ಮೇಲೆ ಒಂದು ಬೆರಳೂ ಇರಬಾರದು. ಈಗ ಹಿಡಿಯನ್ನು ನಿಧಾನವಾಗಿ ಕೆಳಗೆ ಒತ್ತುತ್ತಾ ಹೋಗಿ. ಪಟ್ಟಿ ಜಾರಿದರೆ ಅಥವಾ ಸರಳು ಮೇಲೆದ್ದರೆ ಅಲ್ಲಿಗೇ ನಿಲ್ಲಿಸಿ.

ಆಮೇಲೆ ಒಂದು ಹಳೇ ರಟ್ಟಿನ ಪೆಟ್ಟಿಗೆಯಲ್ಲಿ ಅಲಗು ಸಿಕ್ಕಿಸಿ, ಹಿಡಿಯನ್ನು ಸ್ವಲ್ಪ ತಿರುಚಿ. ಇಲ್ಲೂ ಬೆರಳು ಪಕ್ಕದಲ್ಲೇ ಇರಲಿ. ಲೈನರ್ ಲಾಕ್‌ನ ದೌರ್ಬಲ್ಯ ತಿರುಚಿದಾಗ ಕಾಣುತ್ತದೆ, ಪಟ್ಟಿ ಹೊರಕ್ಕೆ ಸರಿಯುತ್ತದೆ. ಬ್ಯಾಕ್ ಲಾಕ್‌ನ ದೌರ್ಬಲ್ಯ ಬೇರೆ: ಬಿಗಿಯಾಗಿ ಹಿಡಿದಾಗ ಅಂಗೈಯೇ ಸರಳನ್ನು ಒತ್ತಿಬಿಡಬಹುದು. ಅದಕ್ಕೇ ಒಳ್ಳೆಯ ಚಾಕುಗಳಲ್ಲಿ ಸರಳಿನ ಆ ಜಾಗದಲ್ಲಿ ಚಿಕ್ಕ ತಗ್ಗು ಮಾಡಿರುತ್ತಾರೆ.

ಹಂತ 4: ಮುಚ್ಚುವುದು. ಲೈನರ್ ಲಾಕ್ ಬಿಡಿಸುವ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಪಟ್ಟಿ ಸರಿಸಿ, ಇನ್ನೊಂದು ಕೈಯಿಂದ ಬೆನ್ನು ಹಿಡಿದು ಅಲಗನ್ನು ಸ್ವಲ್ಪವೇ ಮಡಚಿ. ಹೆಬ್ಬೆರಳು ತೆಗೆಯಿರಿ. ಆಮೇಲೆ ಪೂರ್ತಿ ಮುಚ್ಚಿ. ಒಂದೇ ಕೈಯಲ್ಲಿ ಮುಚ್ಚುವ ಸ್ಟೈಲು ಬೇಡ. ಬ್ಯಾಕ್ ಲಾಕ್‌ನಲ್ಲಿ ಹೆಬ್ಬೆರಳು ಬೆನ್ನಿನ ಮೇಲೇ ಇರುತ್ತದೆ, ಉಳಿದ ಬೆರಳುಗಳನ್ನು ಸೀಳಿನಿಂದ ದೂರ ಇಟ್ಟರೆ ಸಾಕು. ಎಡಗೈಯವರಿಗೂ ಅದೇ ಅನುಕೂಲ.

ನನ್ನನ್ನು ಕೇಳಿದರೆ ತೋಟಕ್ಕೂ ಮನೆಗೂ ಬ್ಯಾಕ್ ಲಾಕ್. ಚೆನ್ನಾಗಿ ಮಾಡಿದ್ದಾದರೆ ಬೆನ್ನಿನ ಒತ್ತಡವನ್ನು ಅದು ಜಾಸ್ತಿ ತಾಳುತ್ತದೆ. ಆದರೆ ಜಾತ್ರೆಯಲ್ಲಿ ನೂರೈವತ್ತಕ್ಕೆ ಸಿಗುವ ಬ್ಯಾಕ್ ಲಾಕ್‌ಗಿಂತ ಒಳ್ಳೆಯ ಲೈನರ್ ಲಾಕ್ ಎಷ್ಟೋ ವಾಸಿ. ಹೊಸದರಲ್ಲೇ ಅಲಗು ಮೇಲೆ ಕೆಳಗೆ ಅಲ್ಲಾಡಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹಂತ 5: ಶುಚಿ. ಬ್ಯಾಕ್ ಲಾಕ್‌ನ ಕಚ್ಚನ್ನು ಹಲ್ಲುಕಡ್ಡಿಯಿಂದ ಕೆರೆಯಿರಿ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ಬಿಡುತ್ತದೆ. ಲೈನರ್ ಲಾಕ್ ಆದರೆ ಪಟ್ಟಿಯ ತುದಿ ಮತ್ತು ಅಲಗಿನ ಬುಡ ಸೇರುವ ಜಾಗದ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ. ಅಲ್ಲಿ ಎಣ್ಣೆ ಉಳಿದರೆ ಪಟ್ಟಿ ಜಾರುತ್ತದೆ.